ಶವರ್ ಟ್ರೇ, ಎರಡನೇ ಸಲ: ಈಗ ಅಲ್ಲಾಡುತ್ತಿಲ್ಲ

ನಿನ್ನೆ ರಾತ್ರಿ ಟ್ರೇ ಮೇಲೆ ಹತ್ತಿ ನಾಲ್ಕೂ ಮೂಲೆಯಲ್ಲಿ ಭಾರ ಹಾಕಿ ನೋಡಿದೆ. ಎಲ್ಲೂ ಅಲ್ಲಾಡಲಿಲ್ಲ. ನಾಣ್ಯದಿಂದ ತಟ್ಟಿದರೆ ಎಲ್ಲಾ ಕಡೆ ಒಂದೇ ಗಟ್ಟಿ ಸದ್ದು. ತುಂಬಾ ಖುಷಿಯಾಯಿತು. ಹದಿನೈದು ದಿನದ ಹಿಂದೆ ಇದೇ ಟ್ರೇ ಕಾಲಿಟ್ಟಾಗಲೆಲ್ಲ ಟಕ್ ಅನ್ನುತ್ತಿತ್ತು. ನೀರು ಹೋಗುವ ತೂತಿನ ಜಾಯಿಂಟ್ ಕೂಡ ಜಿನುಗುತ್ತಿತ್ತು.

ಮನೆ ಬಸವನಗುಡಿಯಲ್ಲಿ, ಹಳೆಯದು. ಅಮ್ಮನಿಗೆ ಮಂಡಿ ನೋವು, ಎತ್ತರದ ಮೆಟ್ಟಿಲು ಬೇಡ. ಅದಕ್ಕೇ ಅಕ್ರಿಲಿಕ್ ಬಿಟ್ಟೆ. ಅಕ್ರಿಲಿಕ್ ಟ್ರೇ ಹಗುರ. ಕಾಲುಗಳ ಮೇಲೆ ಕೂರಿಸುವ ಮಾದರಿಯಾದರೆ ನೆಲ ಹೇಗಿದ್ದರೂ ಬೋಲ್ಟ್ ತಿರುಗಿಸಿ ಮಟ್ಟ ಮಾಡಬಹುದು, ತೂತಿನ ಕೆಳಗೆ ನೀರು ನಿಂತು ವಾಸನೆ ತಡೆಯುವ ಟ್ರ್ಯಾಪ್ ಕೂಡ ನೆಲದ ಮೇಲೇ ಕೂರುತ್ತದೆ. ಆದರೆ ಎತ್ತರ ಅರ್ಧ ಅಡಿಯ ಹತ್ತಿರ ಹೋಗುತ್ತದೆ. ನಾನು ತಂದಿದ್ದು 900ಕ್ಕೆ 900ರ ಸ್ಟೋನ್ ರೆಸಿನ್, 40 ಎಂಎಂ ಎತ್ತರ. ಕಲ್ಲಿನ ಪುಡಿಯನ್ನು ರೆಸಿನ್ ಜೊತೆ ಅಚ್ಚು ಹಾಕಿದ್ದು, ಇಬ್ಬರು ಎತ್ತಬೇಕು. ತಗ್ಗಾದ ಟ್ರೇ ಆದ್ದರಿಂದ ಟ್ರ್ಯಾಪ್‌ಗೆ ನೆಲದಲ್ಲಿ ಗುಂಡಿ ತೆಗೆಯಬೇಕಾಯಿತು. ಮಾರಿದವರು ಮೂರು ವಾರ ಕಾಯಿಸಿ, 90 ಎಂಎಂ ತೂತಿನ ಟ್ರೇಗೆ 50ರ ಟ್ರ್ಯಾಪ್ ಕಳಿಸಿದರು. ಬದಲಾಯಿಸಿಕೊಳ್ಳಲು ಇನ್ನೊಂದು ವಾರ ಹೋಯಿತು. ಮೇಲಾಗಿ 'ಐದು ಕಡೆ ಗಾರೆ ಮುದ್ದೆ ಇಟ್ಟು ಒತ್ತಿ, ಸಾಕು' ಅಂತ ಫೋನಲ್ಲಿ ಹೇಳಿದ್ದೂ ಅವರೇ.

ಕಿತ್ತಾಗ ಕಾರಣ ಕಣ್ಣಿಗೇ ಕಾಣಿಸಿತು. ಐದು ಮುದ್ದೆಯಲ್ಲಿ ಮೂರು ಮಾತ್ರ ಟ್ರೇಗೆ ತಾಗಿದ್ದವು. ಮೇಸ್ತ್ರಿ ಸಿದ್ದಪ್ಪ ಬಗ್ಗಿ ನೋಡಿ, "ಸಾರ್, ನೆಲಕ್ಕೆ ವಾಟ ಕೊಟ್ಟವ್ರೆ, ಮಟ್ಟ ಎಲ್ಲಿಂದ ಬರ್ಬೇಕು?" ಅಂದರು.

ವಿಷಯ ಇರುವುದೇ ಅಲ್ಲಿ. ನಮ್ಮ ಬಚ್ಚಲ ನೆಲ ಕೆಟ್ಟು ಓರೆಯಾಗಿದ್ದಲ್ಲ. ನೀರು ನಹಾನಿ ಟ್ರ್ಯಾಪ್ ಕಡೆ ಹರಿಯಲಿ ಅಂತಲೇ ಓರೆ ಮಾಡಿದ್ದು. ಟ್ರೇಗಾದರೆ ವಾಟ ಅದರ ಮೈಯಲ್ಲೇ ಇರುತ್ತದೆ, ಕೆಳಗೆ ಸಪಾಟು ಬೇಕು. ರಸಮಟ್ಟ ಇಟ್ಟು ಅಳೆದೆ. ಬಾಗಿಲ ಕಡೆಯಿಂದ ಟ್ರ್ಯಾಪ್ ಮೂಲೆಗೆ 21 ಎಂಎಂ ಇಳಿಜಾರು. ಹಾಗಾಗಿ ಎತ್ತರದ ಕಡೆ 10 ಎಂಎಂ ಗಾರೆ ಇಟ್ಟರೆ ತಗ್ಗಿನ ಮೂಲೆಯಲ್ಲಿ 31 ಎಂಎಂ ಬೇಕು. ಸರಾಸರಿ 20 ಅಂದುಕೊಂಡರೆ ಸುಮಾರು 16 ಲೀಟರ್ ಗಾರೆ, ಒಂದು ದೊಡ್ಡ ಬಕೆಟ್‌ನಷ್ಟು. ಅಮ್ಮ ಹತ್ತಬೇಕಾದ ಮೆಟ್ಟಿಲು 50 ಎಂಎಂ ಆಗುತ್ತದೆ. ಅವರಿಗೆ ತೋರಿಸಿ ಒಪ್ಪಿಸಿದೆ.

ಹಳೇ ನೆಲ ನುಣುಪು. ಸಿದ್ದಪ್ಪ ಉಳಿಯಲ್ಲಿ ಕಚ್ಚು ಹೊಡೆದರು. ವಾಟರ್‌ಪ್ರೂಫಿಂಗ್ ಬಳಿದು ಒಣಗಿಸಿ, ಮಾರನೇ ದಿನ ಸಿಮೆಂಟ್ ಹಾಲು ಹಚ್ಚಿ, ಒಂದಕ್ಕೆ ಐದರ ಗಾರೆ ಹರಡಿದೆವು. ಗಾರೆ ನೀರಾಗಿರಬಾರದು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ತೆಳ್ಳಗಿದ್ದರೆ ಭಾರಕ್ಕೆ ತಗ್ಗಿನ ಕಡೆ ಜಾರುತ್ತದೆ, ಕಟ್ಟಿದ ಮಟ್ಟ ಹೋಗುತ್ತದೆ. ಟ್ರ್ಯಾಪ್ ಸುತ್ತ ಮಾತ್ರ ಒಂದು ಗೇಣು ಖಾಲಿ ಬಿಟ್ಟೆವು.

ಈಗ ಮುಖ್ಯವಾದ ಹಂತ. ಟ್ರೇ ಇಳಿಸಿ, ಅಂಗೈಯಲ್ಲಿ ಒತ್ತಿ, ತಕ್ಷಣ ಮತ್ತೆ ಎತ್ತಿದೆವು. ಗಾಜಿನವರು ಬಳಸುವ ರಬ್ಬರ್ ಕಪ್ ಹಿಡಿಗಳನ್ನು ಎಸ್.ಪಿ. ರಸ್ತೆಯಿಂದ ತಂದಿದ್ದೆ, ಅವಿಲ್ಲದೆ ಎತ್ತಲು ಆಗುತ್ತಿರಲಿಲ್ಲ. ತಳ ತಿರುಗಿಸಿ ನೋಡಿದರೆ ಎಲ್ಲಿ ಗಾರೆ ಅಂಟಿದೆ, ಎಲ್ಲಿಲ್ಲ ಅನ್ನುವುದು ಸ್ಪಷ್ಟ. ಹಿಂದಿನ ಎಡ ಮೂಲೆಯಲ್ಲಿ ಅಂಗೈ ಅಗಲ ಬೋಳಾಗಿತ್ತು. ಅಲ್ಲಿ ಕರಣೆಯಿಂದ ಗಾರೆ ಸೇರಿಸಿ ಮತ್ತೆ ಕೂರಿಸಿದೆವು. ಇದನ್ನು ಮಾಡದೇ ಇದ್ದಿದ್ದರೆ ಅದೇ ಮೂಲೆ ಮತ್ತೆ ಡಬ್ ಅನ್ನುತ್ತಿತ್ತು, ದಿನಾ ತುಳಿದು ತುಳಿದು ಒಂದು ದಿನ ಬಿರುಕು ಬಿಡುತ್ತಿತ್ತು. ಮಟ್ಟವನ್ನು ಉದ್ದ, ಅಡ್ಡ, ಎರಡೂ ಮೂಲೆಗೆರೆಯಲ್ಲಿ ನೋಡಿ, ಎರಡು ದಿನ ಯಾರೂ ತುಳಿಯದಂತೆ ಬಾಗಿಲಿಗೆ ಬೀಗ ಹಾಕಿದೆ.

ಟ್ರ್ಯಾಪ್ ಜೋಡಿಸಿ ಎರಡು ಬಕೆಟ್ ನೀರು ಒಮ್ಮೆಗೇ ಸುರಿದೆ. ಜಾಯಿಂಟ್ ಒಣಗಿಯೇ ಇದೆ. ಗೋಡೆ ಟೈಲ್ ಟ್ರೇ ಅಂಚಿನ ಮೇಲೆ ಇಳಿಯಬೇಕು, ಆಮೇಲೆ ಸಿಲಿಕೋನ್.

ಮುಂದಿನದು ಮಹಡಿಯ ಬಚ್ಚಲು. ಅಲ್ಲಿ ಟ್ರೇ ಇಲ್ಲ, ಟೈಲ್ ನೆಲವನ್ನೇ ಕಟ್ಟುತ್ತೇನೆ. ಮೀಟರ್‌ಗೆ 2 ಸೆಂಟಿಮೀಟರ್ ವಾಟ, ಮೆಟ್ಟಿಲೇ ಇರುವುದಿಲ್ಲ, ಅಮ್ಮನಿಗೆ ಇನ್ನೂ ಸುಲಭ. ಆದರೆ ಅಲ್ಲಿ ನೀರು ತಡೆಯುವ ಕೆಲಸವೆಲ್ಲ ಟೈಲ್ ಕೆಳಗಿನ ಪದರದ್ದು. ಟೈಲ್ ಹಾಕುವ ಮುಂಚೆ ತೂತು ಮುಚ್ಚಿ, ನೀರು ನಿಲ್ಲಿಸಿ, 24 ಗಂಟೆ ಕೆಳಗಿನ ಅಡುಗೆಮನೆ ಸೂರು ನೋಡುತ್ತಿರಬೇಕು. ಶನಿವಾರ ಸಿದ್ದಪ್ಪ ಹಳೇ ಟೈಲ್ ಒಡೆಯಲು ಬರುತ್ತಾರೆ.