ಹದಿನಾಲ್ಕು ಅಂದ್ರೆ ಹದಿನೆಂಟು

‘ಚೌದಾ ಮ್ಹಣ್ಜೆ ಚೌದಾಚ್, ಮ್ಯಾಡಮ್.’ ಈ ವಾರ ಪೂರ್ತಿ ಇದೊಂದೇ ಮಾತು ತಲೇಲಿ ತಿರುಗ್ತಿದೆ. ಬಡ್ಡಿ ಹದಿನಾಲ್ಕು ಪರ್ಸೆಂಟ್ ಅಂದ್ರೆ ಹದಿನಾಲ್ಕೇ ಅಂತ ಆ ಲೋನ್ ಏಜೆಂಟ್ ಹುಡುಗ ಫೋನಲ್ಲಿ ಎಷ್ಟು ಧೈರ್ಯವಾಗಿ ಹೇಳ್ದ ಅಂದ್ರೆ, ಎದುರಿಗೆ ಕಾಗದ ಇಟ್ಕೊಂಡು ಕೂತಿದ್ದ ನಂಗೇ ಒಂದು ಕ್ಷಣ ಹೌದೇನೋ ಅನ್ನಿಸ್ತು.

ಲೋನ್ ನಂದಲ್ಲ, ಮಲ್ಲುಂದು. ಇಂಡಿ ಕಡೆ ಹುಡುಗ, ಪುಣೆ ಹತ್ರ ಭೋಸರಿ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಿಎನ್‌ಸಿ ಮಷೀನ್ ಆಪರೇಟರ್, ನಾವಿರೋ ಬಿಲ್ಡಿಂಗಲ್ಲೇ ಕೆಳಗಡೆ ರೂಮ್ ಮಾಡ್ಕೊಂಡಿದಾನೆ. ತಂಗಿ ಮದುವೆಗೆ ಮೂರು ಲಕ್ಷ ಬೇಕಿತ್ತು. ನಾನು ಚಿಂಚ್‌ವಡದಲ್ಲಿ ಅಕೌಂಟ್ಸ್ ಕೆಲಸ ಮಾಡ್ತೀನಿ ಅನ್ನೋ ಒಂದೇ ಕಾರಣಕ್ಕೆ ಬಿಲ್ಡಿಂಗಿನ ಕನ್ನಡದವರದ್ದೆಲ್ಲ ಕಾಗದ ನಮ್ಮನೆಗೇ ಬರುತ್ತೆ, ಲೈಟ್ ಬಿಲ್ ಸಮೇತ. ಇವನೂ ಡ್ಯೂಟಿ ಮುಗಿಸ್ಕೊಂಡು ಸೀದಾ ಮೇಲೆ ಬಂದು ‘ಅಕ್ಕಾ, ಲೋನ್ ಪಾಸ್ ಆಗ್ಯದ, ಇವತ್ತೇ ಸೈನ್ ಮಾಡ್ಬೇಕಂತ, ಇಲ್ಲಾಂದ್ರ ರೇಟ್ ಹೋಗ್ತದಂತ, ಒಂದ್ ಸಲ ನೋಡಿಬಿಡ್ರಿ’ ಅಂತ ಮೊಬೈಲ್ ಕೈಗಿಟ್ಟ. ಅದರಲ್ಲಿ ಕೆಎಫ್ಎಸ್ ಇತ್ತು, ಸಾಲದ ಮುಖ್ಯ ಅಂಶಗಳನ್ನೆಲ್ಲ ಸೈನ್‌ಗೆ ಮುಂಚೆನೇ ಕೊಡ್ಬೇಕಲ್ಲ, ಆ ಕಾಗದ.

ಮೂರು ಲಕ್ಷ, ಮೂವತ್ತಾರು ತಿಂಗಳು, 14 ಪರ್ಸೆಂಟ್ ರೆಡ್ಯೂಸಿಂಗ್ ಅಂದ್ರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ, ತಿಂಗಳಿಗೆ ಇಎಂಐ 10,253. ಇಲ್ಲಿವರೆಗೂ ಲೆಕ್ಕ ಸರಿ ಇದೆ, ಯಾರೂ ಸುಳ್ಳು ಹೇಳಿಲ್ಲ. ಪ್ರೊಸೆಸಿಂಗ್ ಫೀ ಎರಡೂವರೆ ಪರ್ಸೆಂಟ್ ಅಂದ್ರೆ 7,500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 1,350, ಒಟ್ಟು 8,850. ಇವೆರಡನ್ನೂ ಸೇರಿಸಿ ಎಪಿಆರ್ 16.12 ಅಂತ ಬರೆದಿದ್ರು. ಎಪಿಆರ್ ಅಂದ್ರೆ ಬಡ್ಡಿ ಜೊತೆ ಖರ್ಚನ್ನೂ ಹಿಡಿದು ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ. ನಾನು ಮಲ್ಲುಗೆ ‘ನಿನ್ನ ಅಕೌಂಟಿಗೆ ಎಷ್ಟು ಬೀಳುತ್ತೆ ಅಂದ್ರು?’ ಅಂತ ಕೇಳ್ದೆ. ‘ಎರಡು ಎಂಬತ್ತೆರಡು’ ಅಂದ.

ಅಲ್ಲೇ ಸಿಕ್ಕಿದ್ದು. ಮೂರು ಲಕ್ಷದಲ್ಲಿ 8,850 ಕಳೆದ್ರೆ 2,91,150 ಬರ್ಬೇಕು, 2,82,000 ಯಾಕೆ? ಮಿಕ್ಕಿದ 9,150 ಎಲ್ಲಿ? ಇನ್ನೊಂದು ಪಿಡಿಎಫ್ ಇತ್ತು, ಬೇರೆ ಫೈಲು, ಅದರಲ್ಲಿ ಲೋನ್ ಇನ್ಶೂರೆನ್ಸ್ ಪ್ರೀಮಿಯಂ 9,150, ಗ್ರಾಹಕರು ಸ್ವಇಚ್ಛೆಯಿಂದ ತಗೊಂಡಿದ್ದು ಅಂತ ಟಿಕ್ ಹಾಕಿತ್ತು. ಮಲ್ಲುಗೆ ಆ ಟಿಕ್ ಯಾರು ಹಾಕಿದ್ರು ಅಂತಾನೇ ಗೊತ್ತಿಲ್ಲ. ‘ನಾ ಏನ್ ಹಾಕಿಲ್ರಿ ಅಕ್ಕಾ, ಅವರೇ ಫೋನ್ ತಗೊಂಡು ಏನೇನೋ ಒತ್ತಿದ್ರು.’

ಮಲ್ಲು ಲೆಕ್ಕದಲ್ಲಿ ಚುರುಕು, ಮೈಕ್ರಾನ್‌ನಲ್ಲಿ ಅಳತೆ ಮಾಡೋನು. ಅಲ್ಲೇ ಬಾಯಲ್ಲೇ ಲೆಕ್ಕ ಹಾಕ್ದ: ಕಟ್ ಆಗಿದ್ದು 18,000, ಅಂದ್ರೆ ಮೂರು ಲಕ್ಷಕ್ಕೆ ಆರು ಪರ್ಸೆಂಟ್, ಮೂರು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ ಎರಡು, ಹದಿನಾಲ್ಕಕ್ಕೆ ಎರಡು ಸೇರಿದ್ರೆ ಹದಿನಾರು. ‘ನಡೀತದ ಬಿಡ್ರಿ’ ಅಂದ. ಬಹಳ ಜನ ಹೀಗೇ ಲೆಕ್ಕ ಹಾಕೋದು, ನಮ್ಮ ಆಫೀಸಲ್ಲಿ ಓದಿದೋರೂ ಹೀಗೇ ಹಾಕ್ತಾರೆ. ಆದ್ರೆ ನಿಜ ಹದಿನಾರಲ್ಲ, ಹದಿನೆಂಟೂವರೆ ಹತ್ರ ಹೋಗುತ್ತೆ.

ಯಾಕೆ ಅಂದ್ರೆ ಮೂರು ಲಕ್ಷ ಮೂರು ವರ್ಷ ಪೂರ್ತಿ ನಮ್ಮ ಹತ್ರ ಇರಲ್ಲ. ಮೊದಲ ತಿಂಗಳಿಂದಾನೇ ಇಎಂಐ ಕಟ್ತಾ ಹೋಗ್ತೀವಿ, ಅಸಲು ಇಳೀತಾ ಹೋಗುತ್ತೆ, ಕೊನೇ ವರ್ಷ ಬರೋ ಹೊತ್ತಿಗೆ ಕೈಯಲ್ಲಿರೋ ಸಾಲ ಒಂದು ಲಕ್ಷದ ಆಸುಪಾಸು ಅಷ್ಟೇ. ಈ ಲೋನ್‌ಗೆ ಮೂರು ವರ್ಷದ ಒಟ್ಟು ಬಡ್ಡಿ ಸುಮಾರು 69,100. ಹದಿನಾಲ್ಕರ ದರದಲ್ಲಿ ಮೂರು ವರ್ಷಕ್ಕೆ ಅಷ್ಟು ಬಡ್ಡಿ ಬರ್ಬೇಕಾದ್ರೆ ಸರಾಸರಿ ಬಾಕಿ 1.65 ಲಕ್ಷ ಇರುತ್ತೆ, ಮೂರು ಲಕ್ಷ ಅಲ್ಲ. ಹಾಗಾಗಿ ವರ್ಷಕ್ಕೆ ಆರು ಸಾವಿರದ ಖರ್ಚನ್ನ ಹಂಚಬೇಕಾಗಿದ್ದು 1.65 ಲಕ್ಷದ ಮೇಲೆ, ಅದು ಎರಡು ಪರ್ಸೆಂಟ್ ಅಲ್ಲ, ಮೂರೂವರೆ ದಾಟುತ್ತೆ. ಇದರ ಮೇಲೆ ಇನ್ನೊಂದು, ಆ ಹದಿನೆಂಟು ಸಾವಿರ ಕೈಗೇ ಬಂದಿಲ್ಲ, ಆದ್ರೂ ಅದಕ್ಕೂ ಹದಿನಾಲ್ಕರಂತೆ ಬಡ್ಡಿ ಕಟ್ತೀವಿ. ಎರಡೂ ಸೇರಿ 18.4.

ಇದನ್ನ ಬಾಯಲ್ಲಿ ಹೇಳಿದ್ರೆ ನಂಬಲ್ಲ ಅಂತ ಅವನ ಮೊಬೈಲಲ್ಲೇ ಗೂಗಲ್ ಶೀಟ್ ತೆಗೆಸಿ ಅವನ ಕೈಯಲ್ಲೇ ಟೈಪ್ ಮಾಡಿಸ್ದೆ:

```
=RATE(36,-10253,282000)*12
```

ಮೊದಲನೇದು ತಿಂಗಳು, ಎರಡನೇದು ಇಎಂಐ, ಮೂರನೇದು ಅಕೌಂಟಿಗೆ ಬೀಳೋ ದುಡ್ಡು. ಇಎಂಐ ಮುಂದೆ ಮೈನಸ್ ಹಾಕ್ಲೇಬೇಕು, ದುಡ್ಡು ನಮ್ಮ ಕೈಯಿಂದ ಹೋಗೋದು ಅಂತ, ಇಲ್ಲಾಂದ್ರೆ ಎರರ್ ಬರುತ್ತೆ. ಉತ್ತರ 18.4 ಪರ್ಸೆಂಟ್ ಹತ್ರ, 0.184 ಅಂತ ಬಂದ್ರೆ ನೂರರಿಂದ ಗುಣಿಸ್ಕೊಳ್ಳೋದು. ಮೂರನೇ ಜಾಗದಲ್ಲಿ ಮೂರು ಲಕ್ಷ ಹಾಕಿ ನೋಡು ಅಂದೆ, ಸರಿಯಾಗಿ 14 ಬಂತು. 2,91,150 ಹಾಕ್ದ, 16.12 ಬಂತು, ಅಂದ್ರೆ ಕೆಎಫ್ಎಸ್‌ನಲ್ಲಿ ಬರೆದಿದ್ದೇ ಅಂಕಿ. ಅಂದ್ರೆ ಅವರು ಲೆಕ್ಕ ತಪ್ಪಿಲ್ಲ, ಇನ್ಶೂರೆನ್ಸನ್ನ ಬೇಕಂತಾನೇ ಹೊರಗಿಟ್ಟಿದಾರೆ. ಇಲ್ಲಿ ನಂಗೆ ನಿಜವಾಗ್ಲೂ ಸಿಟ್ಟು ಬಂತು. ಆರ್‌ಬಿಐ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆ, ಅಕ್ಟೋಬರ್ 1ರಿಂದ ಹೊಸ ಲೋನ್‌ಗಳಿಗೆಲ್ಲ ಜಾರಿ, ಅದರಲ್ಲಿ ಸ್ಪಷ್ಟವಾಗಿದೆ: ಇನ್ಶೂರೆನ್ಸ್ ಥರ ಬೇರೆ ಕಂಪನಿ ಪರವಾಗಿ ಸಾಲ ಕೊಡೋರು ವಸೂಲಿ ಮಾಡೋ ದುಡ್ಡೂ ಎಪಿಆರ್ ಒಳಗೇ ಬರ್ಬೇಕು, ಬೇರೆಯಾಗೂ ತೋರಿಸ್ಬೇಕು. ಕೆಎಫ್ಎಸ್‌ನಲ್ಲಿ ಇಲ್ಲದ ಚಾರ್ಜನ್ನ ಸಾಲಗಾರ ಸ್ಪಷ್ಟವಾಗಿ ಒಪ್ಪದೇ ಹಾಕೋ ಹಾಗಿಲ್ಲ. ಇನ್ನು ‘ಇವತ್ತೇ ಸೈನ್’ ಅನ್ನೋದಂತೂ ಶುದ್ಧ ಬುರುಡೆ, ಇಂಥ ಲೋನ್‌ಗೆ ಕೆಎಫ್ಎಸ್ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಅದೇ ಷರತ್ತು ಹಾಗೇ ಇಟ್ಟಿರ್ಬೇಕು.

ಆಗ ಫೋನ್ ಹಚ್ಚಿದ್ದು. ಸ್ಪೀಕರ್ ಹಾಕಿ, ನನ್ನ ಅರೆಬರೆ ಮರಾಠಿಲಿ, ಎಪಿಆರ್ ಎಷ್ಟಪ್ಪಾ ಅಂದೆ. ‘ಚೌದಾ ಮ್ಹಣ್ಜೆ ಚೌದಾಚ್, ಮ್ಯಾಡಮ್.’ ಅಲ್ಲಪ್ಪ ನಿಮ್ಮ ಕಾಗದದಲ್ಲೇ 16.12 ಇದೆಯಲ್ಲ ಅಂದ್ರೆ, ಅದು ಆರ್‌ಬಿಐಗೆ ಬರೆಯೋದು ಮ್ಯಾಡಮ್, ನಿಮಗೆ ಚೌದಾಚ್. ಇನ್ಶೂರೆನ್ಸ್ ಸೇರಿದ್ರೆ 18.4 ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಮತ್ತೆ ಅದೇ ಚೌದಾ. ಆ ಹುಡುಗನಿಗೆ ನಿಜವಾಗ್ಲೂ ಗೊತ್ತಿಲ್ಲ ಅಂತ ಈಗ ಅನ್ನಿಸುತ್ತೆ. ಅವನಿಗೆ ಕಲಿಸಿದ್ದೇ ಅಷ್ಟು, ಟಾರ್ಗೆಟ್ ಕೊಟ್ಟು ಬೀದಿಗೆ ಬಿಟ್ಟಿರ್ತಾರೆ, ಪಾಪ. ಕಲಿಸಿದೋರ ಮೇಲೆ ಮಾತ್ರ ನಂಗೆ ಪಾಪ ಅನ್ಸಲ್ಲ.

ಇನ್ಶೂರೆನ್ಸೇ ಬೇಡ ಅಂತ ನಾನು ಹೇಳ್ತಿಲ್ಲ. ಮಲ್ಲುಗೆ ಏನಾದ್ರೂ ಆದ್ರೆ ಬಾಕಿ ಸಾಲ ಮನೆಯವರ ತಲೆ ಮೇಲೆ ಬರ್ಬಾರ್ದು, ಅದು ಸರಿ. ಆದ್ರೆ ಈ ಥರದ್ದರಲ್ಲಿ ಸಾಮಾನ್ಯವಾಗಿ ಬಾಕಿ ಇಳಿದ ಹಾಗೆ ಕವರ್ರೂ ಇಳಿಯುತ್ತೆ, ಪ್ರೀಮಿಯಂ ಮಾತ್ರ ಮೊದಲೇ ಇಡಿಯಾಗಿ ಕಿತ್ಕೊಂಡಿರ್ತಾರೆ. ಬೇಕಿದ್ರೆ ಅವನು ಬೇರೆ ಕಡೆ ಟರ್ಮ್ ಪಾಲಿಸಿ ರೇಟ್ ಕೇಳಿ ತಗೊಳ್ಲಿ, ಅದು ಬೇರೆ ವಿಷಯ.

ಮಲ್ಲು ಆಗ ಇನ್ನೊಂದು ಹೇಳ್ದ, ‘ಅಕ್ಕಾ, ನಾ ಹೆಂಗೂ ಒಂದು ವರ್ಷದಾಗ ತೀರಿಸಿಬಿಡ್ತೀನಿ, ಚೀಟಿ ದುಡ್ಡು ಬರ್ತದ.’ ಬೇಗ ತೀರಿಸಿದ್ರೆ ಖರ್ಚು ಕಮ್ಮಿ ಅಂತ ಅವನ ಲೆಕ್ಕ. ರೂಪಾಯಿ ಲೆಕ್ಕದಲ್ಲಿ ಬಡ್ಡಿ ಕಮ್ಮಿ ಆಗುತ್ತೆ, ಹೌದು, ಆದ್ರೆ ವರ್ಷದ ದರ ಏರುತ್ತೆ. ಕಟ್ ಆದ ಹದಿನೆಂಟು ಸಾವಿರ ಮೂರು ವರ್ಷಕ್ಕೆ ಹರಡೋ ಬದಲು ಒಂದೇ ವರ್ಷದ ಮೇಲೆ ಬೀಳುತ್ತೆ. ಹನ್ನೆರಡು ಕಂತು ಕಟ್ಟಿ, ಉಳಿದ ಅಸಲು 2,13,550 ಒಂದೇ ಸಲ ಕೊಟ್ಟು ಮುಗಿಸಿದ್ರೆ ದರ 21.7 ಹತ್ರ ಬರುತ್ತೆ, ಫೋರ್‌ಕ್ಲೋಷರ್ ಚಾರ್ಜ್ ಇದ್ರೆ ಅದು ಬೇರೆ. ಪ್ರೀಮಿಯಂನಲ್ಲಿ ಸ್ವಲ್ಪ ವಾಪಸ್ ಬಂದ್ರೆ ಅಷ್ಟು ಇಳಿಯುತ್ತೆ, ಆದ್ರೆ ಅದನ್ನ ಕೇಳಿ ತಗೋಬೇಕು, ತಾನಾಗಿ ಯಾರೂ ಕೊಡಲ್ಲ. ಕೆಎಫ್ಎಸ್‌ನಲ್ಲಿರೋ ಎಪಿಆರ್ ಪೂರ್ತಿ ಅವಧಿ ಕಟ್ತೀರಿ ಅಂತ ಹಿಡಿದ ಲೆಕ್ಕ, ಇದು ಅಲ್ಲಿ ಕಾಣೋದೇ ಇಲ್ಲ.

ಅವನ ಕೈಲಿ ಇಮೇಲ್ ಹಾಕಿಸ್ದೆ, ಇನ್ಶೂರೆನ್ಸ್ ಬೇಡ, ತೆಗೆದು ಹೊಸ ಕೆಎಫ್ಎಸ್ ಕಳಿಸಿ ಅಂತ ಎರಡೇ ಸಾಲು. ಮುಂಚೆ ಫೋನಲ್ಲಿ ಸಿಸ್ಟಮ್ ಬಿಡಲ್ಲ, ಫೈಲ್ ರಿಜೆಕ್ಟ್ ಆಗುತ್ತೆ ಅಂತಿದ್ದೋರು, ಇಮೇಲ್ ಹೋದ ಮೇಲೆ ಸಿಸ್ಟಮ್ ಬಿಡ್ತು. ಆದ್ರೆ ಒಂದು ಷರತ್ತು, ಇನ್ಶೂರೆನ್ಸ್ ಇಲ್ಲಾಂದ್ರೆ ರೇಟ್ 15. ಮಲ್ಲು ಮುಖ ಬಾಡ್ತು. ‘ನೋಡ್ರಿ ಅಕ್ಕಾ, ಸುಮ್ನೆ ಕೆಣಕಿ ಒಂದು ಪರ್ಸೆಂಟ್ ಜಾಸ್ತಿ ಆತು.’

ಮತ್ತೆ ಶೀಟ್ ತೆಗೆಸ್ದೆ. ಹದಿನೈದಕ್ಕೆ ಇಎಂಐ 10,400, ಅಕೌಂಟಿಗೆ 2,91,150. ಬಂದಿದ್ದು 17.1. ಹದಿನಾಲ್ಕರ ಸಾಲ 18.4, ಹದಿನೈದರ ಸಾಲ 17.1! ಅವನು ನಂಬ್ಲೇ ಇಲ್ಲ, ಅಂಕಿ ತಿರುಗಾ ಮುರುಗಾ ಟೈಪ್ ಮಾಡಿ ನೋಡ್ದ. ಕೊನೆಗೆ ಫಾರ್ಮುಲಾ ಬಿಟ್ಟು ಕೈಲೆಕ್ಕದಲ್ಲೇ ಹೇಳ್ಬೇಕಾಯ್ತು: ತಿಂಗಳಿಗೆ 147 ಜಾಸ್ತಿ, ಮೂವತ್ತಾರು ತಿಂಗಳಿಗೆ 5,292. ಅದಕ್ಕೆ ಪ್ರತಿಯಾಗಿ ಇವತ್ತೇ ಕೈಗೆ 9,150 ಜಾಸ್ತಿ. ಆವಾಗ ನಕ್ಕ. ಒಂದೇ ವರ್ಷಕ್ಕೆ ಮುಗಿಸಿದ್ರೂ ಇದು 18.7 ಆಗುತ್ತೆ, ಅಲ್ಲಿ 21.7 ಇತ್ತು.

ಹದಿನೈದಕ್ಕೇ ಸೈನ್ ಮಾಡ್ದ. ಈಗ ಶಿಫ್ಟಲ್ಲಿ ಎಲ್ಲರೂ ಅವನನ್ನ ಆಡ್ಕೊಳ್ತಿದಾರಂತೆ, ಅದೇ ಏಜೆಂಟ್ ಹತ್ರ ತಗೊಂಡೋರಿಗೆಲ್ಲ ಹದಿನಾಲ್ಕು, ಇವನಿಗೊಬ್ಬನಿಗೇ ಹದಿನೈದು, ಅದ್ರಲ್ಲೂ ಅಕೌಂಟ್ಸ್ ಅಕ್ಕನ್ನ ಕೇಳಿ. ಇವನೂ ಬಿಡೋನಲ್ಲ, ನಿಮ್ಮ ಅಕೌಂಟಿಗೆ ಎಷ್ಟು ಬಿತ್ತು, ಇಎಂಐ ಎಷ್ಟು, ಎಷ್ಟು ತಿಂಗಳು, ಈ ಮೂರು ಕೊಡ್ರಿ ಸಾಕು ಅಂತ ಬ್ರೇಕ್ ಟೈಮಲ್ಲಿ ಮೊಬೈಲ್ ಹಿಡ್ಕೊಂಡು ಕೂತಿದಾನಂತೆ. ಇಎಂಐ, ತಿಂಗಳು ಎಲ್ಲರೂ ಥಟ್ ಅಂತ ಹೇಳ್ತಾರಂತೆ. ಅಕೌಂಟಿಗೆ ಎಷ್ಟು ಬಿತ್ತು ಅಂತ ಕೇಳಿದ್ರೆ ಮಾತ್ರ ‘ಎರಡು ಲಕ್ಷದ ಲೋನ್ ಅಂದ್ರ ಎರಡು ಲಕ್ಷ ಬಿದ್ದಿರ್ತದಲೇ’ ಅಂತಾರಂತೆ, ಪಾಸ್‌ಬುಕ್ ನೋಡಿ ಹೇಳೋಕೆ ಇಲ್ಲಿವರೆಗೂ ಒಬ್ಬನೂ ತಯಾರಿಲ್ಲ.