ದೋಸೆ ಹಿಟ್ಟಿನ ಪ್ಯಾಕೆಟ್ಟೂ ಒಂದು ವಾಕ್ಯವೂ

"ಹೊಸ ಪ್ರಾಡಕ್ಟ್ ತರ್ತಿದೀವಿ. 'ಯಾರಿಗೆ, ಯಾವುದರ ಹಾಗಲ್ಲ, ಯಾಕೆ' ಅಂತ ಒಂದೇ ವಾಕ್ಯದಲ್ಲಿ ಬರೀರಿ ಅಂತಾರೆ. ಎಷ್ಟು ಸಲ ಬರೆದ್ರೂ ಜಾಹೀರಾತಿನ ಥರಾನೇ ಬರುತ್ತೆ. ಸರಿಯಾಗಿ ಬರೆಯೋದು ಹೇಗೆ?"

ನಡುವಿನ ತುಂಡಿನಿಂದ ಶುರುಮಾಡಿ. ಹೆಚ್ಚಿನವರು 'ಯಾರಿಗೆ' ಎಂಬಲ್ಲಿಂದ ಹೊರಟು 'ಆರೋಗ್ಯದ ಬಗ್ಗೆ ಕಾಳಜಿ ಇರುವ ನಗರವಾಸಿಗಳಿಗೆ' ಎಂದು ಬರೆದುಬಿಡುತ್ತಾರೆ. ಕಾಳಜಿ ಇಲ್ಲ ಎನ್ನುವವರು ಯಾರೂ ಸಿಗುವುದಿಲ್ಲವಾದ್ದರಿಂದ ಆ ಮಾತು ಯಾರನ್ನೂ ತೋರಿಸುವುದಿಲ್ಲ. ನಿಮ್ಮ ಪ್ರಾಡಕ್ಟ್ ಇಲ್ಲದ ಈ ಹೊತ್ತಿನಲ್ಲಿ ಜನ ಏನು ಮಾಡುತ್ತಿದ್ದಾರೆ, ಅದರಲ್ಲಿ ಅವರಿಗೆ ಎಲ್ಲಿ ತೊಡಕಾಗುತ್ತಿದೆ ಎಂಬುದು ಗೊತ್ತಾದರೆ 'ಯಾರಿಗೆ' ಎಂಬುದು ತಾನಾಗಿಯೇ ಸಿಗುತ್ತದೆ.

ದೋಸೆ ಹಿಟ್ಟನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಹೊಸದಾಗಿ ಹಿಟ್ಟು ಮಾರಹೊರಟವರು ಮೊದಲು ಬರೆಯುವ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: 'ರುಚಿಯಾದ ದೋಸೆ ಬಯಸುವ ಎಲ್ಲರಿಗೆ, ಬೇರೆ ಕಂಪನಿಗಳ ಹಾಗಲ್ಲದ ಶುದ್ಧ ಹಿಟ್ಟು, ಏಕೆಂದರೆ ನಾವು ಗುಣಮಟ್ಟದಲ್ಲಿ ರಾಜಿಯಾಗುವುದಿಲ್ಲ.' ಇದರಲ್ಲಿ ಎದುರಾಳಿಯ ಹೆಸರು ಹಾಕಿ ಓದಿ ನೋಡಿ. ಒಂದಕ್ಷರವೂ ಬದಲಾಗದೆ ಅವರಿಗೂ ಒಪ್ಪುತ್ತದೆ. ಒಪ್ಪಿದರೆ ವಾಕ್ಯ ಕೆಟ್ಟಿದೆ ಎಂದೇ ಅರ್ಥ.

ಈಗ ಕೊಳ್ಳುವವರ ಹತ್ತಿರ ಹೋಗಿ. 'ನಿಮಗೆ ಎಂಥ ಹಿಟ್ಟು ಬೇಕು?' ಎಂದು ಕೇಳಿದರೆ ಎಲ್ಲರೂ ಒಳ್ಳೆಯದು ಬೇಕು ಎನ್ನುತ್ತಾರೆ. 'ಹೋದ ಸಲ ದೋಸೆ ಮಾಡಿದ್ದು ಯಾವಾಗ, ಹಿಟ್ಟು ಎಲ್ಲಿಂದ ಬಂತು, ಉಳಿದದ್ದು ಏನಾಯಿತು?' ಎಂದು ಕೇಳಿ. ಆಗ ಎರಡು ಬೇರೆ ಬೇರೆ ಮನೆಗಳು ಕಾಣುತ್ತವೆ. ಒಂದು ಮನೆಯಲ್ಲಿ ಇನ್ನೂ ಗ್ರೈಂಡರ್ ಓಡುತ್ತದೆ. ಅಕ್ಕಿ, ಉದ್ದು ನಾಲ್ಕೈದು ಗಂಟೆ ನೆನೆಯಬೇಕು, ರುಬ್ಬಬೇಕು, ಗ್ರೈಂಡರ್ ತೊಳೆಯಬೇಕು, ರಾತ್ರಿಯಿಡೀ ಹುದುಗಲು ಬಿಡಬೇಕು. ಇನ್ನೊಂದು ಮನೆಯಲ್ಲಿ ಇಬ್ಬರೇ ಇದ್ದಾರೆ, ಆಗಲೇ ಒಂದು ಕಿಲೋ ಪ್ಯಾಕೆಟ್ ಕೊಳ್ಳುತ್ತಿದ್ದಾರೆ. ದೋಸೆಗೆ ಸುಮಾರು 70 ಗ್ರಾಂ ಎಂದರೂ ಒಂದು ಕಿಲೋಗೆ ಹದಿನಾಲ್ಕು ದೋಸೆ. ಇಬ್ಬರೂ ಮೂರು ಮೂರು ತಿಂದರೆ ಎಂಟು ದೋಸೆಯ ಹಿಟ್ಟು ಫ್ರಿಜ್ಜಿನಲ್ಲಿ ಉಳಿಯುತ್ತದೆ. ತಂಪಿನಲ್ಲಿ ಹುಳಿ ಬರುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಮೂಗಿಗೆ ಬಡಿಯುತ್ತದೆ, ಹಿಟ್ಟು ಸಿಂಕಿನ ಪಾಲು.

ಮೊದಲ ಮನೆಗೆ ನಿಮ್ಮ ಎದುರಾಳಿ ಗ್ರೈಂಡರ್, ಎರಡನೆಯದಕ್ಕೆ ಒಂದು ಕಿಲೋ ಪ್ಯಾಕೆಟ್. ಒಂದೇ ವಾಕ್ಯದಲ್ಲಿ ಎರಡನ್ನೂ ಎದುರಿಸಲು ಹೋಗಬೇಡಿ. ಗ್ರೈಂಡರ್ ಆರಿಸಿಕೊಂಡರೆ 'ಮನೆಯ ಹದಕ್ಕೆ ಸಮ' ಎಂದು ತೋರಿಸುವ ಕಾರಣ ಬೇಕು, ಪ್ಯಾಕೆಟ್ ಆರಿಸಿಕೊಂಡರೆ 'ಉಳಿಯುವುದಿಲ್ಲ' ಎಂದು ತೋರಿಸುವ ಕಾರಣ ಬೇಕು. ಎರಡನೆಯದನ್ನು ಹಿಡಿದರೆ:

'ಇಬ್ಬರೇ ಇದ್ದು ವಾರಕ್ಕೆ ಒಂದೆರಡು ಸಲ ದೋಸೆ ಮಾಡುವ ಮನೆಗಳಿಗೆ ಇದು ಒಂದೇ ಬೆಳಗ್ಗೆ ಮುಗಿಯುವ ದೋಸೆ ಹಿಟ್ಟು; ಒಂದು ಕಿಲೋ ಪ್ಯಾಕೆಟ್ಟಿನ ಹಾಗೆ ಅರ್ಧ ಉಳಿದು ಹುಳಿಯಾಗುವುದಿಲ್ಲ, ಏಕೆಂದರೆ ಐದಾರು ದೋಸೆಗೆ ಸಾಕಾಗುವಂತೆ 400 ಗ್ರಾಂ ಮಾತ್ರ ತುಂಬುತ್ತೇವೆ.'

ಮೂರೂ ತುಂಡುಗಳು ಒಂದೇ ತೊಡಕಿನ ಮಾತಾಡುತ್ತಿವೆ ಎಂಬುದನ್ನು ಗಮನಿಸಿ. ಹೆಚ್ಚಾಗಿ ಹಳಿ ತಪ್ಪುವುದು ಇಲ್ಲೇ: 'ಹಾಗಲ್ಲ' ಎಂಬಲ್ಲಿ ಹುಳಿಯ ಮಾತೆತ್ತಿ 'ಏಕೆಂದರೆ' ಎಂಬಲ್ಲಿ ಸಾವಯವ ಉದ್ದಿನ ಬೇಳೆ ತಂದಿಡುತ್ತಾರೆ. ಬೇಳೆ ನಿಜವಿರಬಹುದು, ಆದರೆ ಅದು ಬೇರೆ ವಾಕ್ಯಕ್ಕೆ ಸೇರಿದ್ದು. ಇನ್ನು 'ಏಕೆಂದರೆ' ಆದಮೇಲೆ ಬರುವುದು ಕಣ್ಣಿಂದ ನೋಡಿ, ತೂಗಿ, ಎಣಿಸಿ ಪರೀಕ್ಷಿಸಬಹುದಾದ ಸಂಗತಿಯಾಗಿರಬೇಕು. ತಾಜಾ, ಶುದ್ಧ, ಪ್ರೀತಿಯಿಂದ ಎಂಬ ಪದ ಅಲ್ಲಿ ಕಂಡರೆ ಹೊಡೆದುಹಾಕಿ.

400 ಗ್ರಾಮನ್ನು ನಾಳೆ ಯಾರು ಬೇಕಾದರೂ ನಕಲು ಮಾಡಬಹುದಲ್ಲ ಎಂದು ಕೇಳಬಹುದು. ಹೌದು, ಈ ಕಾರಣದ ದೌರ್ಬಲ್ಯ ಅದೇ. ಸಣ್ಣ ಪ್ಯಾಕೆಟ್ಟಿಗೆ ಕಿಲೋ ಲೆಕ್ಕದಲ್ಲಿ ಕವರಿನ ಖರ್ಚೂ ತುಂಬುವ ಖರ್ಚೂ ಹೆಚ್ಚು ಬೀಳುತ್ತದೆ. ದೊಡ್ಡವರು ಹಿಂದೇಟು ಹಾಕಿದರೆ ಆ ಕಾರಣಕ್ಕೆ ಮಾತ್ರ. ಅದೇ ಖರ್ಚು ನಿಮ್ಮ ಬೆಲೆಯಲ್ಲೂ ಕೂರುವುದರಿಂದ ಉಳಿದ ಹಿಟ್ಟು ಚೆಲ್ಲುವವರಷ್ಟೇ ಅದನ್ನು ಒಪ್ಪುತ್ತಾರೆ.

'ಯಾರಿಗೆ, ಯಾವುದರ ಹಾಗಲ್ಲ, ಯಾಕೆ' ಎಂಬ ಅಚ್ಚು ಇಂಗ್ಲಿಷಿನಿಂದ ಬಂದದ್ದು, ಅದರ ಪದಗಳ ಸರದಿಯನ್ನು ಕನ್ನಡದಲ್ಲಿ ಹಾಗೇ ಇಡಬೇಕಿಲ್ಲ. 'ಹಾಗಲ್ಲದ' ಎಂಬುದನ್ನು ನಾಮಪದಕ್ಕೆ ಜೋತುಹಾಕಿದರೆ ವಾಕ್ಯ ಮುಗ್ಗರಿಸುತ್ತದೆ. ಮೇಲಿನಂತೆ 'ಹಾಗೆ ಆಗುವುದಿಲ್ಲ' ಎಂದು ಕ್ರಿಯಾಪದಕ್ಕೆ ಕಟ್ಟಿದರೆ ಸಲೀಸು. ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಮ್ಮೆ ಓದಿಹೇಳಿ, ಹತ್ತು ನಿಮಿಷ ಬಿಟ್ಟು ಅವರ ಮಾತಿನಲ್ಲೇ ಹೇಳಿಸಿ. ಅವರು ಬಿಟ್ಟ ತುಂಡು ಯಾವುದೋ ಅದನ್ನೇ ಮತ್ತೆ ಬರೆಯಬೇಕು.

ಇದು ಪ್ಯಾಕೆಟ್ಟಿನ ಮೇಲೆ ಅಚ್ಚಾಗುವ ಸಾಲಲ್ಲ, ನಿಮ್ಮೊಳಗಿನ ತೀರ್ಮಾನ. ಅಂಗಡಿಯವರು 'ಎರಡು ಕಿಲೋದ್ದೂ ಕೊಡಿ' ಎಂದರೆ ಬೇಡ ಎನ್ನಲು ಈ ವಾಕ್ಯ ಸಾಕಾಗಬೇಕು. ಮಾರಾಟ ಶುರುವಾದ ಮೇಲೆ ಹೆಚ್ಚಿನವರು ಒಮ್ಮೆಗೆ ಎರಡು ಮೂರು ಪ್ಯಾಕೆಟ್ ಎತ್ತಿಕೊಂಡು ಹೋಗುತ್ತಿದ್ದರೆ ಕೊಳ್ಳುತ್ತಿರುವುದು ಇಬ್ಬರ ಮನೆಯಲ್ಲ. ಆಗ ತಿದ್ದಬೇಕಾದದ್ದು 'ಯಾರಿಗೆ' ಎಂಬ ತುಂಡು, ಅದರ ಜೊತೆಗೆ ಉಳಿದೆರಡೂ.