ದೋಟಿ ಹಿಡಿಯುವ ಕೈ: ಒಂದು ಭುಜದ ದಾಖಲೆ, ಸರ್ಜನ್ನರಿಗೆ ಬರೆದ ಪತ್ರದೊಂದಿಗೆ

ನಾನು ವ್ಯಾಯಾಮ ಮಾಡಿಸುವ, ಅಣ್ಣ ಎಂದು ಕರೆಯುವ ಒಬ್ಬರ ಭುಜವನ್ನು ಶಸ್ತ್ರಕ್ರಿಯೆಯಿಂದ ಮುಂದಿನ ಕೊಯ್ಲಿನವರೆಗೆ ಅಳೆದು ಬರೆದಿಡುವ ಕೆಲಸ ಕೈಗೆತ್ತಿಕೊಂಡಿದ್ದೇನೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರು ಭುಜದ ಶಸ್ತ್ರಕ್ರಿಯೆಗೆ ಹೆಚ್ಚಾಗಿ ಮಂಗಳೂರಿಗೆ ಹೋಗುತ್ತಾರೆ, ವ್ಯಾಯಾಮಕ್ಕೆ ಊರಿಗೆ ಮರಳುತ್ತಾರೆ. ಸರ್ಜನ್ನರಿಗೂ ನನಗೂ ನಡುವೆ ಇರುವುದು ಒಂದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಆ ಕೊರತೆಯನ್ನು ಒಂದು ಒಳ್ಳೆಯ ಪತ್ರ ಎಷ್ಟು ತುಂಬಬಹುದು ಎಂದು ನೋಡಬೇಕಿತ್ತು. ಅಣ್ಣನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆರನೇ ವಾರ, ಮಾರ್ಚ್ ಕೊನೆ

ಅಣ್ಣನಿಗೆ 57 ವರ್ಷ, ಅಡಿಕೆ ತೋಟ ಇದೆ, ಸಕ್ಕರೆ ಕಾಯಿಲೆ ಇದೆ. ಜನವರಿಯಲ್ಲಿ ಅಡಿಕೆ ಕೊಯ್ಯುವ ಉದ್ದದ ಕೋಲಾದ ದೋಟಿಯಲ್ಲಿ ಗೊನೆ ಇಳಿಸುವಾಗ ಬಲ ಭುಜದಲ್ಲಿ ಏನೋ ಕಿತ್ತು ಬಂದ ಹಾಗೆ ಆಯಿತಂತೆ. ಅಂದಿನಿಂದ ಕೈ ಎತ್ತಲಾಗಲಿಲ್ಲ. ಎಂಆರ್‌ಐಯಲ್ಲಿ ಕಂಡದ್ದು ಭುಜದ ಕೀಲನ್ನು ಸುತ್ತುವ ರೊಟೇಟರ್ ಕಫ್ ಸ್ನಾಯುಗಳಲ್ಲಿ ಒಂದಾದ ಸುಪ್ರಾಸ್ಪೈನೇಟಸ್ ಟೆಂಡನ್ ಪೂರ್ತಿ ದಪ್ಪಕ್ಕೆ ಹರಿದದ್ದು, ಸುಮಾರು ಎರಡೂವರೆ ಸೆಂಟಿಮೀಟರ್. ಫೆಬ್ರವರಿ ಮಧ್ಯದಲ್ಲಿ ಆರ್ತ್ರೋಸ್ಕೋಪ್ ಎಂಬ ಕೀಲುದರ್ಶಕದ ಮೂಲಕ ಮೂಳೆಗೆ ಆ್ಯಂಕರ್ ಹಾಕಿ ಹೊಲಿದಿದ್ದಾರೆ. ಆರು ವಾರ ಸ್ಲಿಂಗ್ ಹಾಕಿಕೊಂಡಿದ್ದು ಈಗ ನನ್ನ ಬಳಿ ಬಂದಿದ್ದಾರೆ.

ಮಲಗಿಸಿ, ಹೆಗಲಹಲಗೆ ಅಲುಗದಂತೆ ಹಿಡಿದು ಅಳೆದೆ. ನಾನೇ ಕೈಯನ್ನು ಮುಂದಕ್ಕೆ ಎತ್ತಿದರೆ 70 ಡಿಗ್ರಿ. ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ 5 ಡಿಗ್ರಿ. ಎಡ ಭುಜದಲ್ಲಿ ಇವೇ ಎರಡು ಅಳತೆಗಳು 165 ಮತ್ತು 60. ಆರು ವಾರ ಕಟ್ಟಿಟ್ಟ ಭುಜ ಬಿಗಿದಿರುವುದು ಸಹಜವೇ, ಈ ಹಂತದಲ್ಲಿ ಗಾಬರಿಗೆ ಕಾರಣವಿಲ್ಲ.

ಮೇಜಿನ ಮೇಲೆ ಬಟ್ಟೆ ಇಟ್ಟು ಕೈ ಜಾರಿಸುವುದು, ಬಾಗಿಲ ಮೇಲೆ ರಾಟೆ ಕಟ್ಟಿ ಎಡಗೈಯಿಂದ ಬಲಗೈ ಎತ್ತುವುದು ಶುರು ಮಾಡಿದೆವು. ಅಣ್ಣನ ಮೊದಲ ಪ್ರಶ್ನೆ: "ಮಳೆಗಾಲಕ್ಕೆ ಮದ್ದು ಬಿಡ್ಲಿಕ್ಕೆ ಆಗ್ತದಾ?" ಮಳೆಗೆ ಮೊದಲ ಬೋರ್ಡೋ ಮದ್ದಿನ ಸಿಂಪಡಣೆಗೆ ಬೇರೆಯವರನ್ನು ಹೇಳಿಟ್ಟುಕೊಳ್ಳಿ ಎಂದೆ. ಕೊಳವೆ ಹಿಡಿದು ತಲೆಯೆತ್ತಿ ಗಂಟೆಗಟ್ಟಲೆ ನಿಲ್ಲುವ ಕೆಲಸಕ್ಕೆ ನಾಲ್ಕು ತಿಂಗಳ ಹೊಲಿಗೆ ಸಾಲದು.

ಹತ್ತನೇ ವಾರ, ಏಪ್ರಿಲ್ ಕೊನೆ

ಎತ್ತುವುದು 90, ಹೊರತಿರುಗು 10. ರಾತ್ರಿ ನೋವಿಗೆ ಎಚ್ಚರಾಗುತ್ತದೆ. ಬಲ ಮಗ್ಗುಲಿಗೆ ಮಲಗಲಾಗುವುದಿಲ್ಲ.

ಹದಿನಾಲ್ಕನೇ ವಾರ, ಮೇ ಕೊನೆ

95 ಮತ್ತು 10. ನಾಲ್ಕು ವಾರಗಳಲ್ಲಿ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿದೆ. ವ್ಯಾಯಾಮ ತಪ್ಪಿಸುವವರಲ್ಲ ಅಣ್ಣ. ರಾಟೆಯ ಹಗ್ಗ ಸವೆದು ಮಗಳು ಹೊಸದು ಕಟ್ಟಿಕೊಟ್ಟಿದ್ದಾಳೆ. ಹಾಗಿದ್ದೂ ಮುಂದೆ ಹೋಗುತ್ತಿಲ್ಲವೆಂದರೆ ಸರ್ಜನ್ನರಿಗೆ ಬರೆಯುವ ಹೊತ್ತು ಬಂತು.

"ಚೇತರಿಕೆ ನಿಧಾನ" ಎಂದಷ್ಟೇ ಬರೆದರೆ ಸರ್ಜನ್ನರಿಗೆ ಏನೂ ತಿಳಿಯುವುದಿಲ್ಲ. ಭುಜ ನಿಧಾನವಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಕೀಲನ್ನು ಸುತ್ತುವರಿದ ಕ್ಯಾಪ್ಸೂಲ್ ದಪ್ಪಗಾಗಿ ಕುಗ್ಗುವುದು. ಆಗ ರೋಗಿ ಎತ್ತಿದರೂ ಏಳುವುದಿಲ್ಲ, ನಾನು ಎತ್ತಿದರೂ ಏಳುವುದಿಲ್ಲ. ಇನ್ನೊಂದು, ಹೊಲಿದ ಟೆಂಡನ್ ಮತ್ತೆ ಬಿಟ್ಟುಕೊಳ್ಳುವುದು. ಆಗ ನಾನು ಎತ್ತಿದರೆ ಸಲೀಸಾಗಿ ಏಳುತ್ತದೆ, ರೋಗಿ ತಾನಾಗಿ ಎತ್ತಲು ಹೋದರೆ ಹೆಗಲು ಕಿವಿಯತ್ತ ಏರುತ್ತದೆಯೇ ಹೊರತು ಕೈ ಏಳುವುದಿಲ್ಲ. ಮೊದಲನೆಯದಕ್ಕೆ ಎಳೆತ ಬೇಕು. ಎರಡನೆಯದಕ್ಕೆ ಅದೇ ಎಳೆತ ಕೇಡು. ಆದ್ದರಿಂದ ಎರಡೂ ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಡದ ಪತ್ರದಿಂದ ಪ್ರಯೋಜನ ಕಡಿಮೆ.

ಅಣ್ಣ ಓದಿದ್ದು ಕನ್ನಡ ಶಾಲೆಯಲ್ಲಿ, ಸರ್ಜನ್ನರೂ ಕನ್ನಡದವರು. ಪತ್ರ ಹೊತ್ತು ಬಸ್ಸಿನಲ್ಲಿ ಹೋಗುವವರಿಗೆ ಅದರಲ್ಲೇನಿದೆ ಎಂದು ಗೊತ್ತಿರಲಿ ಎಂದು ಕನ್ನಡದಲ್ಲೇ ಬರೆದೆ.

> ಮಾನ್ಯ ಡಾಕ್ಟರರಿಗೆ ನಮಸ್ಕಾರಗಳು.
>
> ಫೆಬ್ರವರಿಯಲ್ಲಿ ತಾವು ಬಲ ಭುಜದ ರೊಟೇಟರ್ ಕಫ್ ಹೊಲಿದ 57 ವರ್ಷದ ಕೃಷಿಕರು ಈಗ ಹದಿನಾಲ್ಕನೇ ವಾರದಲ್ಲಿದ್ದಾರೆ. ನಾನು ಎತ್ತಿದಾಗ ಕೈ ಮುಂದಕ್ಕೆ 95 ಡಿಗ್ರಿ, ಅವರೇ ಎತ್ತಿದಾಗ 85. ಮೊಣಕೈ ಪಕ್ಕೆಯಲ್ಲಿದ್ದಾಗ ಹೊರತಿರುಗು 10, ಹತ್ತನೇ ವಾರದಲ್ಲೂ ಅಷ್ಟೇ ಇತ್ತು. ಬೆನ್ನ ಹಿಂದೆ ಹೆಬ್ಬೆರಳು ಪೃಷ್ಠದವರೆಗೆ ಮಾತ್ರ ಹೋಗುತ್ತದೆ. ಎಲ್ಲ ದಿಕ್ಕಿನಲ್ಲೂ ಕೊನೆಯಲ್ಲಿ ಚರ್ಮದ ಪಟ್ಟಿ ಎಳೆದಂತೆ ಗಟ್ಟಿಯಾಗಿ ತಡೆಯುತ್ತದೆ.
>
> ಕೈ ಅಲುಗದಂತೆ ಹಿಡಿದು ಹೊರಕ್ಕೆ ಒತ್ತಲು ಹೇಳಿದರೆ ಸಾಧಾರಣ ಬಲ ಇದೆ, ಚುಚ್ಚುವ ನೋವಿಲ್ಲ. ಹೊರಕ್ಕೆ ತಿರುಗಿಸಿ ಬಿಟ್ಟಾಗ ಕೈ ಒಳಕ್ಕೆ ಬೀಳುವುದಿಲ್ಲ. ಆದರೆ ತಿರುಗುವುದೇ 10 ಡಿಗ್ರಿ ಆಗಿರುವಾಗ ಈ ಪರೀಕ್ಷೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಬಿಗಿತದ ಮರೆಯಲ್ಲಿ ಹರಿದದ್ದು ಅಡಗಿರಬಹುದು.
>
> ಜ್ವರವಿಲ್ಲ, ಗಾಯ ಒಣಗಿದೆ. ಅಂಗೈ ಊದಿಲ್ಲ, ಬಣ್ಣ, ಬೆವರು ಎರಡೂ ಕೈಗಳಲ್ಲಿ ಸಮ. ಕುತ್ತಿಗೆ ತಿರುಗಿಸಿದರೆ ನೋವು ಬರುವುದಿಲ್ಲ. ತೋಳಿನ ಹೊರಮೈಯಲ್ಲಿ ಸ್ಪರ್ಶ ಸರಿಯಿದೆ. ಕುಳಿತಿದ್ದಾಗ ನೋವು ಹತ್ತಕ್ಕೆ ನಾಲ್ಕು, ರಾತ್ರಿ ಹೆಚ್ಚು. ಇಲ್ಲಿನ ಡಾಕ್ಟರರು ಮಾಡಿಸಿದ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಎಚ್‌ಬಿಎ1ಸಿ 8.9.
>
> ಇದು ಶಸ್ತ್ರಕ್ರಿಯೆಯ ಬಳಿಕದ ಬಿಗಿತ ಎಂದು ನನ್ನ ಅಂದಾಜು. ಖಚಿತಪಡಿಸಿಕೊಳ್ಳದೆ ಹೆಚ್ಚು ಎಳೆಯಲು ನನಗೆ ಧೈರ್ಯವಿಲ್ಲ. ತಮ್ಮಿಂದ ಬೇಕಾಗಿರುವುದು ಇಷ್ಟು. ಸಬ್‌ಸ್ಕ್ಯಾಪ್ಯುಲಾರಿಸ್‌ಗೂ ಹೊಲಿಗೆ ಹಾಕಿದ್ದೀರಾ, ಟೆಂಡನ್ನಿನ ಗುಣ ಹೇಗಿತ್ತು, ಬೈಸೆಪ್ಸ್‌ಗೆ ಏನಾದರೂ ಮಾಡಿದ್ದೀರಾ ಎಂಬುದು ಸಮ್ಮರಿಯಲ್ಲಿ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ಹೊಲಿಗೆ ಹಿಡಿದಿದೆಯೇ ಎಂದು ನೋಡಿಕೊಡಬಹುದೇ? ಹಿಡಿದಿದ್ದರೆ ಕೀಲಿನೊಳಗೆ ಸ್ಟಿರಾಯ್ಡ್ ಚುಚ್ಚುಮದ್ದು ತಮಗೆ ಸರಿ ಕಾಣುತ್ತದೆಯೇ, ಈ ಸಕ್ಕರೆ ಮಟ್ಟದಲ್ಲಿ ಕೊಡಬಹುದೇ? ಹೊರತಿರುಗಿಗೆ ಎಷ್ಟರವರೆಗೆ ಒತ್ತಬಹುದು?
>
> ತಮ್ಮ ಉತ್ತರ ಬರುವವರೆಗೆ ಈಗಿನ ಮಿತಿಯೊಳಗೇ ಮುಂದುವರಿಸುತ್ತೇನೆ. ಬಲ ಹೆಚ್ಚಿಸುವ ವ್ಯಾಯಾಮ ಆರಂಭಿಸಿಲ್ಲ.

ಸಬ್‌ಸ್ಕ್ಯಾಪ್ಯುಲಾರಿಸ್ ಬಗ್ಗೆ ಯಾಕೆ ಕೇಳಿದೆ ಎಂದು ಅಣ್ಣನ ಮಗಳು ಕೇಳಿದಳು. ಅದು ಭುಜದ ಮುಂಭಾಗದ ಸ್ನಾಯು. ಅದನ್ನು ಹೊಲಿದಿದ್ದರೆ ಕೈಯನ್ನು ಹೊರಕ್ಕೆ ತಿರುಗಿಸಿದಾಗಲೆಲ್ಲ ಹೊಲಿಗೆ ಎಳೆಯುತ್ತದೆ. ಮೇಲಿನ ಸುಪ್ರಾಸ್ಪೈನೇಟಸ್ ಒಂದನ್ನೇ ಹೊಲಿದಿದ್ದರೆ ಹೊರತಿರುಗಿಗೆ ಅಷ್ಟು ಅಂಜಬೇಕಿಲ್ಲ, ಕೈಯನ್ನು ಬೆನ್ನ ಹಿಂದಕ್ಕೆ ಎಳೆಯುವುದಕ್ಕೇ ಅಂಜಬೇಕು. ಒಂದು ಸಾಲಿನ ಮಾಹಿತಿ ಇಲ್ಲದೆ ವ್ಯಾಯಾಮದ ದಿಕ್ಕೇ ತಿಳಿಯುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ಒಂದು ಸಾಲು ಕಡ್ಡಾಯವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜ್ವರ, ಗಾಯದ ಬಗ್ಗೆ ಬರೆದದ್ದಕ್ಕೂ ಕಾರಣ ಇದೆ. ಭುಜಕ್ಕೆ ತಗಲುವ ಕ್ಯುಟಿಬ್ಯಾಕ್ಟೀರಿಯಮ್ ಆ್ಯಕ್ನೀಸ್ ಎಂಬ ಬ್ಯಾಕ್ಟೀರಿಯಾ ಬಹಳ ನಿಧಾನಿ. ಕೀವು, ಜ್ವರ ತೋರಿಸದೆ ಬರೀ ನೋವು, ಬಿಗಿತವಾಗಿ ಕಾಣಿಸಿಕೊಳ್ಳಬಲ್ಲದು, ರಕ್ತ ಪರೀಕ್ಷೆಯೂ ಸರಿಯಾಗಿಯೇ ಬರಬಹುದು. ಸ್ಟಿರಾಯ್ಡ್ ಕೊಡುವವರ ಮನಸ್ಸಿನಲ್ಲಿ ಇದು ಇರಬೇಕು.

ಹದಿನಾರನೇ ವಾರ, ಜೂನ್ ಆರಂಭ

ಉತ್ತರ ಬಂತು, ಅದೂ ಬರಹದಲ್ಲಿ. ಹೊಲಿದದ್ದು ಸುಪ್ರಾಸ್ಪೈನೇಟಸ್ ಮಾತ್ರ, ಟೆಂಡನ್ ಚೆನ್ನಾಗಿತ್ತು, ಬೈಸೆಪ್ಸ್ ಮುಟ್ಟಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಟೆಂಡನ್ ಮೂಳೆಗೆ ಅಂಟಿಕೊಂಡೇ ಇದೆ. ಉರಿಯೂತ ತೋರಿಸುವ ರಕ್ತ ಪರೀಕ್ಷೆ ಸಿಆರ್‌ಪಿ ಸರಿಯಿದೆ, ಸೋಂಕಿನ ಬೇರೆ ಲಕ್ಷಣವೂ ಅವರಿಗೆ ಕಂಡಿಲ್ಲ.

ಅಣ್ಣನಿಗೆ ಇದನ್ನು ವಿವರಿಸಿ ಹೇಳಿದೆ. ಶಸ್ತ್ರಕ್ರಿಯೆಯ ಬಳಿಕ ಆರಂಭದಲ್ಲಿ ಬಿಗಿದ ಭುಜಗಳಲ್ಲಿ ಹೊಲಿಗೆ ಬಿಡುವುದು ಕಡಿಮೆ ಎಂದು ಅಧ್ಯಯನಗಳು ಕಂಡಿವೆ. ಬಿಗಿತ ಕಾಡಿಸುತ್ತದೆ ನಿಜ, ಆದರೆ ಹೆಚ್ಚಿನವರಲ್ಲಿ ಆರು ತಿಂಗಳಿಂದ ವರ್ಷದೊಳಗೆ ಬಿಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬಿಗಿತ ಹೆಚ್ಚು, ಬಿಡಲು ಹೊತ್ತೂ ಹೆಚ್ಚು.

ಚುಚ್ಚುಮದ್ದು ಕೂಡಲೇ ಕೊಡಲಿಲ್ಲ. ಸ್ಟಿರಾಯ್ಡ್ ಕೊಟ್ಟ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಆದ್ದರಿಂದ ಮೊದಲು ಊರಿನ ಡಾಕ್ಟರರು ಔಷಧಿ ಬದಲಿಸಿ ಸಕ್ಕರೆಯನ್ನು ಹತೋಟಿಗೆ ತಂದರು. ಕಾಯುವುದರಿಂದ ಟೆಂಡನ್ನಿಗೂ ಒಳಿತೇ. ಶಸ್ತ್ರಕ್ರಿಯೆಯಾದ ಮೊದಲ ಕೆಲ ವಾರಗಳಲ್ಲಿ ಸ್ಟಿರಾಯ್ಡ್ ಕೊಟ್ಟರೆ ಹೊಲಿಗೆ ಬಿಡುವ ಅಪಾಯ ಏರುತ್ತದೆ, ಆ ಅವಧಿ ದಾಟಿದ ಮೇಲೆ ಅಷ್ಟು ಭಯವಿಲ್ಲ. ಸಕ್ಕರೆ ಹತೋಟಿಗೆ ಬಂದ ಮೇಲೆ ಅಲ್ಟ್ರಾಸೌಂಡ್ ನೋಡುತ್ತಾ ಕೀಲಿನೊಳಗೆ ಕೊಟ್ಟರು. ಮೊದಲ ವಾರ ಮನೆಯಲ್ಲಿ ದಿನಕ್ಕೆರಡು ಬಾರಿ ಸಕ್ಕರೆ ನೋಡಿ ಬರೆದಿಟ್ಟರು.

ಇಪ್ಪತ್ತನೇ ವಾರ, ಜುಲೈ

125 ಮತ್ತು 30. ರಾತ್ರಿ ನಿದ್ದೆ ಬರುತ್ತಿದೆ. ಬಿಗಿದ ಭುಜದಲ್ಲಿ ನಾನು ಹೆಚ್ಚು ಗಮನಿಸುವುದು ಎತ್ತುವುದನ್ನಲ್ಲ, ಹೊರತಿರುಗನ್ನು. ಎತ್ತುವಾಗ ಹೆಗಲಹಲಗೆ, ಬೆನ್ನು ಸೇರಿಕೊಂಡು ಮೋಸ ಮಾಡಬಹುದು. ಹೊರತಿರುಗಿನಲ್ಲಿ ಆ ಅವಕಾಶ ಕಡಿಮೆ, ಅಲ್ಲಿ 20 ಡಿಗ್ರಿ ಹೆಚ್ಚಿತೆಂದರೆ ಕ್ಯಾಪ್ಸೂಲ್ ನಿಜವಾಗಿಯೂ ಸಡಿಲಾಗಿದೆ.

ಈಗ ಮುಖ್ಯ ವ್ಯಾಯಾಮ ಕೋಲಿನದು. ಅಂಗಾತ ಮಲಗಿ, ಬಲ ಮೊಣಕೈಯ ಕೆಳಗೆ ಮಡಚಿದ ಬೈರಾಸು ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿಯುವುದು. ಎಡಗೈ ಕೋಲನ್ನು ತಳ್ಳಿದಾಗ ಬಲ ಮುಂಗೈ ಹೊರಕ್ಕೆ ತಿರುಗುತ್ತದೆ. ಎಳೆತ ಗೊತ್ತಾಗುವಲ್ಲಿ ಅರ್ಧ ನಿಮಿಷ ನಿಲ್ಲಿಸಿ ಮರಳುವುದು. ಒಮ್ಮೆಗೇ ಬಹಳ ಹೊತ್ತು ಮಾಡುವುದಕ್ಕಿಂತ ದಿನಕ್ಕೆ ನಾಲ್ಕೈದು ಬಾರಿ ಐದೈದು ನಿಮಿಷ ಮಾಡಿದರೆ ಭುಜ ಕೆರಳುವುದಿಲ್ಲ. ಅತಿಯಾಯಿತೇ ಎಂದು ತಿಳಿಯಲು ಅಣ್ಣನಿಗೆ ಹೇಳಿದ ಗುರುತು ಒಂದೇ: ವ್ಯಾಯಾಮದ ನೋವು ಅರ್ಧ ಗಂಟೆಯಲ್ಲಿ ಇಳಿಯಬೇಕು. ರಾತ್ರಿಯೂ ಉಳಿದರೆ ಮರುದಿನ ಎಳೆತ ಕಡಿಮೆ ಮಾಡಬೇಕು.

ತೆಳು ರಬ್ಬರ್ ಪಟ್ಟಿಯಿಂದ ಬಲದ ವ್ಯಾಯಾಮವೂ ಶುರುವಾಗಿದೆ, ಸದ್ಯಕ್ಕೆ ಸೊಂಟದ ಮಟ್ಟದಲ್ಲೇ.

ಇಪ್ಪತ್ತಾರನೇ ವಾರ, ಆಗಸ್ಟ್

145 ಮತ್ತು 45. ಅಣ್ಣ ತಾನಾಗಿ 140ರವರೆಗೆ ಎತ್ತುತ್ತಾರೆ, ಹೆಗಲು ಕಿವಿಯತ್ತ ಏರುವುದಿಲ್ಲ. ಎಚ್‌ಬಿಎ1ಸಿ 7.4ಕ್ಕೆ ಇಳಿದಿದೆ. ಎಷ್ಟು ಗುಣ ಚುಚ್ಚುಮದ್ದಿನದು, ಎಷ್ಟು ಸಕ್ಕರೆ ಇಳಿದದ್ದರದು, ಎಷ್ಟು ಬರೀ ಸಮಯದ್ದು ಎಂದು ಒಂದು ಭುಜದಿಂದ ಬೇರ್ಪಡಿಸಿ ಹೇಳಲಾಗದು.

ಸರ್ಜನ್ನರಿಗೆ ಎರಡನೇ ಪತ್ರ ಕಳಿಸಿದೆ, ಈ ಸಲ ಅರ್ಧ ಪುಟ. ಈ ಹೊತ್ತಿಗೂ ಹೊರತಿರುಗು 10ರಲ್ಲೇ ಇದ್ದಿದ್ದರೆ ಕೀಲುದರ್ಶಕದ ಮೂಲಕ ಕ್ಯಾಪ್ಸೂಲ್ ಬಿಡಿಸುವ ಮಾತು ಎತ್ತಬೇಕಾಗುತ್ತಿತ್ತು. ಈಗ ಅದರ ಅಗತ್ಯ ಕಾಣುವುದಿಲ್ಲ ಎಂದು ಅವರೂ ಒಪ್ಪಿದ್ದಾರೆ.

ಉಳಿದಿರುವುದು ದೋಟಿ. ಉದ್ದದ ಕೋಲಿನ ತುದಿಯಲ್ಲಿ ಗೊನೆಯ ಭಾರ ಬಿದ್ದಾಗ ಭುಜಕ್ಕೆ ಬೀಳುವ ಎಳೆತ ಕೈಯಲ್ಲಿ ಹಿಡಿದ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಸೆಪ್ಟೆಂಬರ್‌ನಲ್ಲಿ ದೋಟಿಯ ಬುಡದ ತುಂಡೊಂದನ್ನು ಮಾತ್ರ ನೆಟ್ಟಗೆ ಎತ್ತಿ ಹಿಡಿಯುವುದು, ತಿಂಗಳು ಕಳೆದು ಎರಡನೇ ತುಂಡು ಸೇರಿಸುವುದು ಎಂದು ಅಣ್ಣನೊಂದಿಗೆ ಮಾತಾಗಿದೆ. ಮೊದಲ ಕೊಯ್ಲಿಗೆ ದೋಟಿ ಅಳಿಯನ ಕೈಯಲ್ಲಿ, ಅಣ್ಣ ಹಗ್ಗ ಹಿಡಿಯಲಿಕ್ಕೂ ಇಲ್ಲ, ಹೆಕ್ಕುವುದು ಮಾತ್ರ. ಮುಂದಿನ ಅಳತೆ ಅಕ್ಟೋಬರ್‌ನಲ್ಲಿ. ಆಗ ಹೊರಕ್ಕೆ ಒತ್ತುವ ಬಲವನ್ನು ಎರಡೂ ಕೈಗಳಲ್ಲಿ ತೂಕದ ಕೊಕ್ಕೆಯಿಂದ ಹೋಲಿಸಿ ಬರೆಯುತ್ತೇನೆ.